ಚೂಪಾಗಿದ್ದ ಗೆರೆ

ನನ್ನ ದೊಡ್ಡಮ್ಮನಿಗೆ ಇಚ್ಚಕದ ಮಾತು ಆಡಲು ಬರುತ್ತಿರಲಿಲ್ಲ. ಯಾರಾದರೂ ಹೊಸ ಬಟ್ಟೆ ಹಾಕಿಕೊಂಡು ಬಂದು ಹೇಗಿದೆ ಎಂದರೆ, ಕೊರಳ ಹತ್ತಿರ ಹೊಲಿಗೆ ಸೊಟ್ಟಗಿದೆ ಎನ್ನುತ್ತಿದ್ದಳು. ಸೊಟ್ಟಗಿರುತ್ತಿತ್ತು ಕೂಡ. ಇಂಥ ಹೆಂಗಸಿನ ಜೊತೆ ದೊಡ್ಡಪ್ಪ ಮೂವತ್ತು ವರ್ಷ ಹೇಗೆ ಬಾಳಿದರು ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ದೊಡ್ಡಪ್ಪ ಮಾತ್ರ, "ನಾನು ರಾತ್ರಿ ಕೆಲಸದವನು, ಅವಳು ಹಗಲು ಕೆಲಸದವಳು. ಜಗಳಕ್ಕೆ ಟೈಮೆಲ್ಲಿ?" ಎನ್ನುತ್ತಿದ್ದರು.

ಇಬ್ಬರದೂ ಒಂದೇ ವೀಕ್ಷಣಾಲಯ. ದೊಡ್ಡಪ್ಪ ರಾತ್ರಿ ದೂರದರ್ಶಕದ ಕೆಳಗೆ ಕುಳಿತು, ದೂರದ ನಕ್ಷತ್ರರಾಶಿಯ, ಅಂದರೆ ಗ್ಯಾಲಕ್ಸಿಯ, ಬೆಳಕನ್ನು ಪಟ್ಟಕದಲ್ಲಿ ಬಿಡಿಸಿ, ಗಾಜಿನ ಪ್ಲೇಟಿನ ಮೇಲೆ ಹಿಡಿಯುತ್ತಿದ್ದರು. ಮಾರನೆಯ ದಿನ ದೊಡ್ಡಮ್ಮ ಅದನ್ನು ಅಳೆಯುತ್ತಿದ್ದಳು. ಅವಳ ಕೋಣೆಯಲ್ಲಿದ್ದದ್ದು ಒಂದು ಕಿಟಕಿ, ಅದಕ್ಕೆ ಕಪ್ಪು ಪರದೆ, ಒಂದು ಎತ್ತರದ ಸ್ಟೂಲು, ಸ್ಕ್ರೂ ತಿರುಗಿಸಿದರೆ ಕೂದಲೆಳೆಯಷ್ಟು ಜರುಗುವ ಸೂಕ್ಷ್ಮದರ್ಶಕ. ನಾನು ಅವಳಿಗೆ ಊಟದ ಡಬ್ಬಿ ಕೊಡಲು ಹೋದಾಗೆಲ್ಲ, "ಮೇಜು ಮುಟ್ಟಬೇಡ" ಎಂಬುದೇ ನನಗೆ ಸಿಗುತ್ತಿದ್ದ ಸ್ವಾಗತ.

ಅಂಥದೊಂದು ಪ್ಲೇಟನ್ನು ನನಗೂ ಒಮ್ಮೆ ತೋರಿಸಿದ್ದಳು. ನಡುವೆ ಮಸಿ ಒರೆಸಿದಂಥ ಒಂದು ತೆಳು ಪಟ್ಟಿ, ಅದು ನಕ್ಷತ್ರರಾಶಿಯ ಬೆಳಕು ಬಿದ್ದು ಕಪ್ಪಾದ ಜಾಗ. ಅದರ ಮೇಲೂ ಕೆಳಗೂ ಸಾಲಾಗಿ ಗೆರೆಗಳು, ಅವು ದೂರದರ್ಶಕಕ್ಕೇ ಕಟ್ಟಿದ ದೀಪದವು. ದೀಪ ಎಲ್ಲಿಗೂ ಓಡುವುದಿಲ್ಲವಾದ್ದರಿಂದ ಅದರ ಗೆರೆಗಳನ್ನು ಅಳತೆಪಟ್ಟಿಯಾಗಿ ಇಟ್ಟುಕೊಳ್ಳಬಹುದು. ನಡುವಿನ ಪಟ್ಟಿಯಲ್ಲಿ ಅಲ್ಲಲ್ಲಿ ಬಿಳಿ ಸೀಳುಗಳಿರುತ್ತವೆ. ಕ್ಯಾಲ್ಸಿಯಂ ನುಂಗಿದ ಬೆಳಕಿನ ಜಾಗ ಅದು, ಎರಡು ಸೀಳು, ಯಾವಾಗಲೂ ಜೋಡಿ. ನಕ್ಷತ್ರರಾಶಿ ನಮ್ಮಿಂದ ದೂರ ಓಡುತ್ತಿದ್ದರೆ ಆ ಜೋಡಿ ತನ್ನ ಜಾಗ ಬಿಟ್ಟು ಕೆಂಪಿನ ಕಡೆಗೆ, ಅಂದರೆ ಪ್ಲೇಟಿನ ಬಲಕ್ಕೆ, ಜರುಗಿರುತ್ತದೆ. ತರಂಗದ ಉದ್ದ ನೂರಕ್ಕೆ ಐದರಷ್ಟು ಹಿಗ್ಗಿದ್ದರೆ, ಓಟದ ವೇಗವೂ ಹೆಚ್ಚುಕಡಿಮೆ ಬೆಳಕಿನ ವೇಗದ ನೂರಕ್ಕೆ ಐದು, ಅಂದರೆ ಸೆಕೆಂಡಿಗೆ ಹದಿನೈದು ಸಾವಿರ ಕಿಲೋಮೀಟರು. ನನ್ನಂಥ ಶಾಲೆ ಟೀಚರಮ್ಮನಿಗೂ ಅರ್ಥವಾಗುವ ಲೆಕ್ಕ.

ದೊಡ್ಡಪ್ಪನಿಗೆ ಶ್ವಾಸಕೋಶದ ಕಾಯಿಲೆ ಎಂದು ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು. ವೈದ್ಯರು ಕೈಚೆಲ್ಲಿದರು. ಹಾಸಿಗೆ ಹಿಡಿಯುವ ಮೊದಲು ಅವರು ಹಿಡಿದ ಕೊನೆಯ ಪ್ಲೇಟು, ದೂರದರ್ಶಕದಲ್ಲೂ ಕಂಡೂ ಕಾಣದಂಥ ಒಂದು ನಕ್ಷತ್ರರಾಶಿಯದು. ಅವರ ಸಹಪಾಠಿಯೊಬ್ಬ ಬೇರೆ ವೀಕ್ಷಣಾಲಯದಲ್ಲಿ ಹದಿನಾರು ಸಾವಿರಕ್ಕೂ ಮಿಕ್ಕ ವೇಗ ಅಳೆದು ದೊಡ್ಡ ಹೆಸರು ಮಾಡಿದ್ದ. ಅದನ್ನು ಮೀರಬೇಕೆಂಬ ಹಟ ಇವರಿಗೆ. ಜೀವಮಾನವೆಲ್ಲ ಚಳಿಯಲ್ಲಿ ಕುಳಿತವರು, ಆ ಒಂದು ಸಂಖ್ಯೆಯನ್ನು ಕೇಳಿಸಿಕೊಂಡು ಕಣ್ಣು ಮುಚ್ಚಬೇಕೆಂದಿದ್ದರು. ನಾನು ರಜೆ ಹಾಕಿ ಅವರ ಆರೈಕೆಗೆ ಇದ್ದೆ. ಸಂಜೆ ದೊಡ್ಡಮ್ಮ ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಕೂಗು ಬರುತ್ತಿತ್ತು.

"ಎಷ್ಟು ಬಂತೇ?"

"ಇನ್ನೂ ಅಳೆದಿಲ್ಲ ರೀ. ಅವಸರ ಮಾಡಬೇಡಿ."

"ಅವಸರ ಮಾಡ್ತಿರೋದು ನಾನಲ್ಲ ಕಣೇ."

ಆ ಮಾತಿಗೆ ದೊಡ್ಡಮ್ಮ ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು.

ಅಳೆದದ್ದು ಮರುದಿನ. ಅವರ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಪ್ಲೇಟನ್ನು ಒಮ್ಮೆ ಎಡದಿಂದ ಬಲಕ್ಕೆ ಅಳೆದ ಮೇಲೆ, ಅದನ್ನು ತಿರುಗಿಸಿಟ್ಟು ಮತ್ತೆ ಅಳೆಯಬೇಕು. ಪ್ರತಿಯೊಬ್ಬರ ಕಣ್ಣೂ ಒಂದು ಕಡೆಗೆ ವಾಲುತ್ತದೆ, ತಿರುಗಿಸಿದರೆ ಆ ವಾಲು ಕಳೆದುಹೋಗುತ್ತದೆ. ನಕ್ಷತ್ರರಾಶಿಯ ಗೆರೆಗಳು, ಅಂದರೆ ಆ ಬಿಳಿ ಸೀಳುಗಳು, ಅಂಚು ಕದಡಿದ ಮಸುಕು ಗೆರೆಗಳು. ಎಷ್ಟು ಪಳಗಿದ ಕೈಯಾದರೂ ಎರಡು ಸಲದ ಅಳತೆ ಒಂದಿಷ್ಟು ಹೆಚ್ಚುಕಮ್ಮಿ ಬಂದೇ ಬರುತ್ತದೆ.

ಅವತ್ತು ನಾನು ಡಬ್ಬಿ ಹಿಡಿದು ಹೋದಾಗ ದೊಡ್ಡಮ್ಮ ಸ್ಟೂಲಿನ ಮೇಲೆ ಕೈಕಟ್ಟಿ ಕುಳಿತಿದ್ದಳು. ಮೇಜು ಮುಟ್ಟಿದರೂ ಬಯ್ಯಲಿಲ್ಲ.

"ಎಷ್ಟು ಬಂತು ದೊಡ್ಡಮ್ಮ?"

"ಹದಿನೆಂಟು ಸಾವಿರದ ಹತ್ತಿರ."

ನಾನು ಕುಣಿದಾಡುವುದೊಂದು ಬಾಕಿ. "ಹಾಗಾದ್ರೆ ಗೆದ್ರಲ್ಲ! ಈಗಲೇ ಹೋಗಿ ಹೇಳೋಣ ನಡಿ."

"ಕೆಂಪು ಕಡೆಯ ಗೆರೆ ಎರಡು ಸಲಾನೂ ಒಂದೇ ಅಂಕಿ ಬಂದಿದೆ. ಕೊನೆಯ ಅಂಕಿವರೆಗೂ."

"ಒಳ್ಳೇದೇ ಆಯ್ತಲ್ಲ?"

"ಅಷ್ಟು ಚೂಪಾದ ಗೆರೆ ನಕ್ಷತ್ರರಾಶಿಯಲ್ಲಿ ಇರಲ್ಲ ಪುಟ್ಟಿ," ಎಂದಳು. "ಗೀರೋ, ಲೇಪದಲ್ಲಿ ಚುಕ್ಕೆಯೋ ಇರಬೇಕು. ಹದಿನಾರು ದಾಟಲಿ ಅಂತ ಆಸೆ ಇತ್ತು. ಅದಕ್ಕೇ ಅಲ್ಲೇ ಹೋಗಿ ನಿಂತಿದೆ ನನ್ನ ಕಣ್ಣು."

ನನಗೆ ಸಿಟ್ಟು ಬಂತು. ಸಾಯುತ್ತಿರುವ ಮನುಷ್ಯನಿಗೆ ಒಂದು ಸಂಖ್ಯೆ ಹೇಳಲು ಇಷ್ಟು ಮೀನಮೇಷವೇ? ಹಾಗೆಂದೆ ಕೂಡ. ಅವಳು ಪ್ಲೇಟಿನ ಅಂಚಿನಲ್ಲಿದ್ದ ದೊಡ್ಡಪ್ಪನ ಹೆಸರಿನ ಮೇಲೆ ಕಾಗದ ಅಂಟಿಸಿ, ಇನ್ನೂ ಕೆಲವು ಪ್ಲೇಟುಗಳ ಜೊತೆ ಸೇರಿಸಿ, ಪಕ್ಕದ ಕೋಣೆಗೆ ಹೋದಳು. ಅಲ್ಲಿದ್ದವನು ಅವಳ ಜೊತೆಯ ಅಳತೆಗಾರ, ಎಲ್ಲರ ಬಾಯಲ್ಲಿ ಗಂಟುಮೋರೆ. ಅವನಿಗೂ ದೊಡ್ಡಮ್ಮನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಯಾವುದು ಯಾರ ಪ್ಲೇಟೆಂದು ಅವಳು ಹೇಳಲಿಲ್ಲ, ಅವನು ಕೇಳಲೂ ಇಲ್ಲ.

ಮಧ್ಯಾಹ್ನ ಕಳೆದ ಮೇಲೆ ಅವನೇ ಬಂದ. "ಇದರಲ್ಲಿ ಬಲಗಡೆ ಒಂದು ಗೀರಿದೆ, ಅದು ಗೆರೆ ಅಲ್ಲ. ಪಟ್ಟಿಯ ಪೂರ್ತಿ ಅಗಲಕ್ಕೂ ಹೋಗಿಲ್ಲ, ನೋಡಿ. ಜೋಡಿಯ ಮೊದಲನೇದು ಎಡಗಡೆ, ಬೆಳಕು ಕಮ್ಮಿ ಇರೋ ತುದೀಲಿ ಸಿಕ್ತು. ತುಂಬ ಮಸುಕು."

ಅಂದರೆ ದೊಡ್ಡಮ್ಮ ಜೋಡಿಯ ಎರಡನೆಯ ಗೆರೆಯನ್ನು ಮೊದಲನೆಯದೆಂದುಕೊಂಡು, ಗೀರನ್ನು ಎರಡನೆಯದು ಮಾಡಿಕೊಂಡಿದ್ದಳು. ಗೀರು ಬಿದ್ದದ್ದು ಹೆಚ್ಚುಕಡಿಮೆ ಸರಿಯಾಗಿ ಅದೇ ಅಂತರದಲ್ಲಿ. ಇನ್ನೂ ಕೆಂಪಿನ ಕಡೆ ಇದ್ದ, ಬೇರೆ ಧಾತುಗಳದಾದ ಅಗಲದ ಮಬ್ಬು ಸೀಳೊಂದನ್ನು ಮೊದಲ ಸಲ ಅವಳು ಮಸುಕೆಂದು ಬಿಟ್ಟಿದ್ದಳು. ಈಗ ಅದನ್ನೂ ಅಳೆದಳು. ಅದು ಗಂಟುಮೋರೆಯ ಲೆಕ್ಕಕ್ಕೇ ಕೂಡಿತು. ಹದಿನೈದು ಸಾವಿರ. ಗಂಟುಮೋರೆ ಆಗ ಕಾಗದ ಕಿತ್ತು ಹೆಸರು ನೋಡಿದ. "ಅಯ್ಯೋ, ಇದು ಯಜಮಾನರದಾ?" ಎಂದವನು ತನ್ನ ಕುರ್ಚಿಯನ್ನೇ ತಂದು ಅವಳಿಗೆ ಹಾಕಿಕೊಟ್ಟ.

ದಾರಿಯುದ್ದಕ್ಕೂ ನಾನು ಅವಳನ್ನು ಬೇಡಿಕೊಂಡೆ. ಪ್ರಕಟಿಸುವಾಗ ಹದಿನೈದು ಎನ್ನಲಿ, ಮನೆಯಲ್ಲಿ ಹದಿನೆಂಟು ಎಂದರೆ ಯಾರ ಗಂಟು ಹೋಗುತ್ತದೆ? ಮನೆ ಬಂತು, ಅವಳು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಕೂಗು.

"ಎಷ್ಟು ಬಂತೇ?"

ದೊಡ್ಡಮ್ಮ ಹಾಸಿಗೆಯ ಅಂಚಿನಲ್ಲಿ ಕುಳಿತು ಅವರ ಕೈ ಹಿಡಿದುಕೊಂಡಳು. "ಹದಿನೈದು ಸಾವಿರ ರೀ. ನಾನು ಮೊದಲು ಹದಿನೆಂಟು ಅಂತ ಓದಿದ್ದೆ. ಗೀರನ್ನ ಗೆರೆ ಅಂದ್ಕೊಂಡಿದ್ದೆ. ತಪ್ಪು ನಂದು."

ದೊಡ್ಡಪ್ಪ ಕೈ ಬಿಡಿಸಿಕೊಂಡು ಗೋಡೆಯ ಕಡೆ ತಿರುಗಿದರು. ಆ ರಾತ್ರಿ ಊಟ ಮುಟ್ಟಲಿಲ್ಲ. ದೊಡ್ಡಮ್ಮ ಅಲ್ಲೇ ಕುರ್ಚಿಯಲ್ಲಿ ಕುಳಿತೇ ಇದ್ದಳು. ನನಗೆ ಅವಳ ಮೇಲೆ ಕೆಂಡದಂಥ ಕೋಪ, ಅಷ್ಟೇ ಕರುಣೆ. ಯಾವುದು ಹೆಚ್ಚೆಂದು ಇವತ್ತಿಗೂ ಹೇಳಲಾರೆ.

ಬೆಳಿಗ್ಗೆ ನಾನು ಹಾಲು ತಂದಾಗ ದೊಡ್ಡಪ್ಪ ಅವಳ ಕಡೆ ತಿರುಗಿದ್ದರು.

"ಎಡಗಡೆ ಗೆರೆ ಮಸುಕಾಗಿತ್ತಾ?"

"ತುಂಬ."

"ಇನ್ನೊಂದೆರಡು ಗಂಟೆ ಬೆಳಕು ಬಿಟ್ಟಿದ್ರೆ ನೀಟಾಗಿ ಕಾಣ್ತಿತ್ತು. ನೀನು ತಪ್ಪು ಓದ್ತಿರ್ಲಿಲ್ಲ." ಉಸಿರು ಸಾಲದೆ ನಿಲ್ಲಿಸಿದರು. "ಅವತ್ತು ರಾತ್ರಿ ಮೋಡ ಬಂದು ಬೇಗ ಮುಚ್ಚಿದೆ ಅಂತ ಹೇಳಿದ್ದೆ. ಮೋಡ ಬಂದಿರ್ಲಿಲ್ಲ ಕಣೇ. ಕೆಮ್ಮಿದಾಗ ರಕ್ತ ಬಂತು. ಹೆದರಿಕೆ ಆಯ್ತು. ಮುಚ್ಚಿಬಿಟ್ಟೆ."

ಅಲ್ಲಿಯವರೆಗೆ ಒಂದು ಹನಿ ಕಣ್ಣೀರು ಹಾಕದಿದ್ದ ದೊಡ್ಡಮ್ಮ ಅವರ ಎದೆಯ ಮೇಲೆ ತಲೆಯಿಟ್ಟು ಅತ್ತಳು. ದೊಡ್ಡಪ್ಪ ಅವಳ ಬೆನ್ನು ಸವರುತ್ತ, "'ನನಗ್ಯಾಕೆ ಹೇಳಲಿಲ್ಲ' ಅಂತ ಬಯ್ಯೇ, ಬಯ್ಯಿ," ಎನ್ನುತ್ತಿದ್ದರು.