ಮಗ್ಗದ ಸದ್ದಿನಲ್ಲಿ ಕೇಳದ ಎಚ್ಚರಿಕೆ

ನಾನು ಪ್ರಚಾರಕ್ಕೆ ಧ್ವನಿ ಕೊಡುವವ. ನಾಟಕ ಬಂತು, ದನದ ಸಂತೆ ಕೂಡುತ್ತದೆ, ಕಣ್ಣಿನ ತಪಾಸಣೆ ಇದೆ ಅಂತ ಹುನಗುಂದದಿಂದ ಬಾದಾಮಿವರೆಗೆ ಆಟೋದ ಮೇಲೆ ಮೈಕು ಕಟ್ಟಿಕೊಂಡು ಕೂಗಿದ್ದೇನೆ. ಮಾತು ಕಲಿತದ್ದು ನಮ್ಮ ಅಜ್ಜಿಯಿಂದ, ಮತ್ತೆ ಆಕೆಯ ಜೊತೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತ ಊರನ್ನೆಲ್ಲ ಜಾಲಾಡುತ್ತಿದ್ದ ಮುದುಕಿಯರಿಂದ. ಅವರ ಬೈಗುಳದಲ್ಲೂ ಒಂದು ಲಯ ಇರುತ್ತಿತ್ತು. ಆ ಲಯದ ಮೇಲೆ ನನ್ನ ಹೊಟ್ಟೆ ಇಷ್ಟು ವರ್ಷ ನಡೆದಿದೆ.

ಈಚೆಗೆ ಮೈಕಿನ ಕೆಲಸ ಕಡಿಮೆಯಾಗಿ ಮೊಬೈಲಿನ ಕೆಲಸ ಹೆಚ್ಚಾಯಿತು. ಬಾಗಲಕೋಟೆಯ ನವನಗರದಲ್ಲಿ ಜಿಮ್ ನಡೆಸುವ ಒಬ್ಬ ಹುಡುಗನಿದ್ದಾನೆ. ಹುಡುಗ ಅಂದರೆ ನನ್ನ ವಯಸ್ಸಿಗೆ ಹುಡುಗ, ಊರಿಗೆಲ್ಲ ಜಿಮ್ ಸರ್. ಅರ್ಧ ನಿಮಿಷದ ವಿಡಿಯೋ ಮಾಡಿ ಹಾಕುತ್ತಾನೆ. ಹೊಟ್ಟೆ ಕರಗಿಸುವುದು ಹೇಗೆ, ರೊಟ್ಟಿ ಎಷ್ಟು ತಿನ್ನಬೇಕು, ಮೊಣಕಾಲು ನೋವಿದ್ದವರು ಹೇಗೆ ಕೂತು ಏಳಬೇಕು, ಇಂಥವು. ಅವನಿಗೆ ಮೈ ಇದೆ, ಮಾತಿಲ್ಲ. ಅದಕ್ಕೆ ಮಾತು ಬರೆದು ಓದುವ ಕೆಲಸ ನನ್ನದು. ಮುಖ ಅವನದು, ಧ್ವನಿ ನನ್ನದು.

ಕೆಟ್ಟವನಲ್ಲ ಅವ. ಜಿಮ್ಮಿಗೆ ಬಂದ ಹೆಣ್ಣುಮಕ್ಕಳನ್ನು ಅಕ್ಕಾರ, ಅವ್ವಾರ ಅಂತಲೇ ಮಾತಾಡಿಸುತ್ತಾನೆ. ಆದರೆ ವಿಡಿಯೋ ಎಷ್ಟು ಜನ ನೋಡಿದರು ಅನ್ನುವ ಹುಚ್ಚು ಹತ್ತಿದ ಮೇಲೆ ಅವನ ಬಾಯಲ್ಲಿ ಸಣ್ಣ ಮಾತು ಬರುವುದೇ ನಿಂತುಹೋಯಿತು. ತೂಕ ಇಳಿಯುತ್ತದೆ ಅಂದರೆ ಅವನಿಗೆ ಸಾಲದು, ಕರಗಿ ನೀರಾಗಬೇಕು. ಸಕ್ಕರೆ ಹಿಡಿತಕ್ಕೆ ಬರುತ್ತದೆ ಅಂದರೆ ಸಾಲದು, ಓಡಿಹೋಗಬೇಕು.

ಹೀಗೆ ಒಂದು ಸಲ ದಿನಕ್ಕೆ ಒಂದೇ ಹೊತ್ತು ಉಣ್ಣುವುದರ ಬಗ್ಗೆ ವಿಡಿಯೋ ಮಾಡೋಣ ಅಂದ. ನಾನು ಬರೆದೆ. ನಡುವೆ ಒಂದು ಎಚ್ಚರಿಕೆಯನ್ನೂ ಬರೆದೆ. ಸಕ್ಕರಿ ಗುಳಿಗಿ ನುಂಗೋರು, ಇನ್ಸುಲಿನ್ ಚುಚ್ಚಿಕೊಳ್ಳೋರು, ಬಸುರಿ ಬಾಣಂತ್ಯಾರು ಡಾಕ್ಟರಿಗೆ ಕೇಳದ ಈ ಉಪವಾಸ ಮಾಡಬ್ಯಾಡ್ರಿ, ನಿಮ್ಮಷ್ಟಕ್ಕ ನೀವು ಗುಳಿಗಿ ಬಿಡಲೂಬ್ಯಾಡ್ರಿ, ಅಂತ. ಇದು ಉದ್ದ ಆಯಿತು, ಜನ ಬೆರಳಾಡಿಸಿ ಮುಂದಕ್ಕೆ ಹೋಗಿಬಿಡುತ್ತಾರೆ ಅಂತ ಅವ ಗೊಣಗಿದ. ಇದು ಇಲ್ಲದಿದ್ದರೆ ನನ್ನ ಧ್ವನಿಯೂ ಇಲ್ಲ ಅಂದೆ. ಒಪ್ಪಿದ. ನಾನು ಓದಿ ಮುಗಿಸಿ, ಬೇರೊಂದು ಪ್ರಚಾರಕ್ಕೆ ಬಾದಾಮಿಯ ಕಡೆ ಹೋದೆ. ಚಿತ್ರ ಜೋಡಿಸುವುದು, ಹಾಡು ಹಾಕುವುದು, ಮೇಲೆ ಅಕ್ಷರ ಬರೆಯುವುದು ಎಲ್ಲ ಅವನೇ ಮಾಡಿಕೊಳ್ಳುತ್ತಿದ್ದ.

ಇಳಕಲ್ಲಿನಲ್ಲಿ ನನ್ನ ಅಕ್ಕ ಇದ್ದಾಳೆ. ಗಂಡ ತೀರಿದ ಮೇಲೆ ಮನೆ ನಡೆಸುತ್ತಿರುವುದು ಅವಳ ಕೈ. ಕರೆಂಟಿನ ಮಗ್ಗಗಳ ಶೆಡ್ಡಿನಲ್ಲಿ ಕಂಡಿಕಿ ಸುತ್ತುತ್ತಾಳೆ, ಅಂದರೆ ಲಾಳಿಯೊಳಗೆ ಕೂಡುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ. ಬಹಳ ವರ್ಷದಿಂದ ಸಕ್ಕರೆ ಇದೆ. ಬೆಳಿಗ್ಗೆ ಗುಳಿಗೆ ನುಂಗಿ, ನಾಷ್ಟಾ ಮಾಡಿ, ಬುತ್ತಿ ಕಟ್ಟಿಕೊಂಡು ಶೆಡ್ಡಿಗೆ ಹೋಗುವುದು ಅವಳ ಪದ್ಧತಿ.

ಬಾದಾಮಿಯಲ್ಲಿದ್ದಾಗಲೇ ಅಕ್ಕನ ಜೊತೆಗಾತಿ ಫೋನು ಮಾಡಿದಳು. ನಿಮ್ಮ ಅಕ್ಕ ಕಂಡಿಕಿ ಸುತ್ತುತ್ತ ಕೂತಲ್ಲೇ ಬೆವೆತು ನಡುಗಿ, ಏನೇನೋ ತೊದಲಿ ವಾಲಿದಳು, ಎಚ್ಚರ ಇತ್ತು ಅಂತ ಸಕ್ಕರೆ ನೀರು ಕುಡಿಸಿದೆವು, ಈಗ ದವಾಖಾನೆಯಲ್ಲಿದ್ದೇವೆ ಅಂದಳು. ನಾನು ಬಸ್ಸು ಹಿಡಿದು ಹೋಗಿ ಮುಟ್ಟುವಷ್ಟರಲ್ಲಿ ಅಕ್ಕ ಎದ್ದು ಕೂತಿದ್ದಳು. ಕೈಗೆ ಸಲಾಯಿನ್ ಹಚ್ಚಿದ್ದರು. ಈ ಗುಳಿಗೆಯ ಕಸುವು ಹೊಟ್ಟೆ ಖಾಲಿ ಇದ್ದರೂ ನಿಲ್ಲುವುದಿಲ್ಲ, ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ, ಒಮ್ಮೆ ಏರಿಸಿದರೂ ಮತ್ತೆ ಇಳಿಯಬಹುದು, ಅದಕ್ಕೆ ಇವತ್ತು ಇಲ್ಲೇ ಇರಲಿ ಅಂತ ಡಾಕ್ಟರು ನನಗೆ ಬಿಡಿಸಿ ಹೇಳಿದರು. ಅಕ್ಕನಿಗೂ ಹೇಳಿದರು. ಅಕ್ಕ ಹೂಂ ಅಂದಳು. ಅವಳ ಹೂಂ ಯಾವುದು ಒಪ್ಪಿದ್ದು, ಯಾವುದು ಬಾಯಿ ಮುಚ್ಚಿಸುವುದು ಅಂತ ನನಗೆ ಚೆನ್ನಾಗಿ ಗೊತ್ತು.

ಡಾಕ್ಟರು ಆಚೆ ಹೋದ ಮೇಲೆ ಊಟ ಯಾಕೆ ಬಿಟ್ಟಿ ಅಂತ ಕೇಳಿದೆ.

"ನೀನ ಹೇಳಿ ನನ್ನ ಕೇಳ್ತೀಯಲ್ಲ?" ಅಂದಳು.

ಮೊಬೈಲು ತೆಗೆದು ತೋರಿಸಿದಳು. ನಮ್ಮ ಜಿಮ್ ಸರ್ ತೋಳು ಉಬ್ಬಿಸಿ ನಿಂತಿದ್ದಾನೆ. ಅವನ ಎದೆಯ ಮೇಲೆ ಹಳದಿ ಅಕ್ಷರ, ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಷ್ಟು ದೊಡ್ಡದು: ಒಂದೇ ಹೊತ್ತು ಊಟ, ಸಕ್ಕರೆ ಕಾಯಿಲೆ ಮಂಗಮಾಯ. ಅದಾದ ಮೇಲೆ ಇನ್ನೊಂದು ಸಾಲು: ಗುಳಿಗೆಗೆ ಹೇಳಿ ವಿದಾಯ. ಇವೆರಡನ್ನೂ ನಾನು ಬರೆದಿರಲಿಲ್ಲ. ನನ್ನ ಎಚ್ಚರಿಕೆ ಧ್ವನಿಯಲ್ಲಿತ್ತು, ಇಲ್ಲವೆನ್ನಲಾರೆ. ಆದರೆ ಅಕ್ಷರದಲ್ಲಿ ಅದರ ಸುಳಿವೇ ಇರಲಿಲ್ಲ. ಕೆಳಗೆ ತುದಿಯಲ್ಲಿ ವೈದ್ಯರ ಸಲಹೆ ಪಡೆಯಿರಿ ಅಂತ ಇರುವೆ ಸಾಲಿನಂಥದ್ದೊಂದು ಇತ್ತು, ಅದರ ಮೇಲೆ ಅವನ ಖಾತೆಯ ಹೆಸರು ಬಂದು ಕೂತಿತ್ತು.

ನಡುವೆ ನಾನು ಹೇಳಿದ್ದು ಕೇಳಲಿಲ್ಲವೇ ಅಂತ ಅಕ್ಕನಿಗೆ ಕೇಳಿದೆ. ಅವಳು ನನ್ನನ್ನು ಶೆಡ್ಡನ್ನೇ ಕಾಣದವನ ಹಾಗೆ ನೋಡಿದಳು. ಅಲ್ಲಿ ಮಗ್ಗ ಹೊಡೆಯುವಾಗ ಪಕ್ಕದವರು ಕಿವಿಯಲ್ಲಿ ಕೂಗಿದರೂ ಕೇಳುವುದಿಲ್ಲ. ಚಹಾ ಬೇಕೇ ಅಂತ ಕೈಸನ್ನೆಯಲ್ಲೇ ಕೇಳುತ್ತಾರೆ. ಆ ಗದ್ದಲದಲ್ಲಿ ಹೆಂಗಸರು ವಿಡಿಯೋ ನೋಡುವುದೂ ಹಾಗೆಯೇ, ಸದ್ದಿಲ್ಲದೆ, ಅಕ್ಷರ ಓದಿಕೊಂಡು. ಒಬ್ಬಳು ಓದಿ ಇನ್ನೊಬ್ಬಳ ಕೈಗೆ ಮೊಬೈಲು ಕೊಡುತ್ತಾಳೆ. ನನ್ನ ಧ್ವನಿ ಅಲ್ಲಿ ಯಾರಿಗೂ ಮುಟ್ಟಿರಲಿಲ್ಲ. ತಮ್ಮನದೇ ವಿಡಿಯೋ ಅನ್ನುವ ನಂಬಿಕೆ ಮಾತ್ರ ಮುಟ್ಟಿತ್ತು.

ಅಷ್ಟಕ್ಕೇ ಮುಗಿದಿದ್ದರೆ ಸಿಟ್ಟು ಒಂದು ದಿನಕ್ಕೆ ಇಳಿಯುತ್ತಿತ್ತು. ಮರುದಿನ ಮನೆಗೆ ಕರೆತಂದ ಮೇಲೆ ಅಕ್ಕ ಹೊಸ ಲೆಕ್ಕ ತೆಗೆದಳು. ಗುಳಿಗೆ ನುಂಗಿ ಊಟ ಬಿಟ್ಟದ್ದಕ್ಕೆ ಹೀಗಾಯಿತಲ್ಲ, ಹಾಗಾದರೆ ಗುಳಿಗೆ ಬಿಡುತ್ತೇನೆ, ಉಪವಾಸ ಬಿಡುವುದಿಲ್ಲ.

"ಮೈ ಹಗುರಾಗೇತಿ ತಮ್ಮಾ. ಗುಳಿಗಿ ಬಿಡಂತ ಅದರಾಗ ಬರದೈತಿ. ಬರದಾಂವ ಬಂದು ಸುಳ್ಳು ಅನ್ಲಿ, ಆಮ್ಯಾಲೆ ನೋಡ್ತೇನಿ."

ಡಾಕ್ಟರ ಮಾತು ಒಂದು ಕಡೆ, ಹಳದಿ ಅಕ್ಷರ ಒಂದು ಕಡೆ. ಗುಳಿಗೆ ಬಿಟ್ಟರೆ ಸಕ್ಕರೆ ಏರಿ ಕಣ್ಣಿಗೆ, ಮೂತ್ರಪಿಂಡಕ್ಕೆ ಕುತ್ತು ಅಂತ ನಾನು ಗಂಟಲು ಹರಿದುಕೊಂಡೆ. ಅಕ್ಕ ಬಾಗಿಲ ಕಸ ಗುಡಿಸುತ್ತಾ ಹೋದಳು. ಆಗ ನನಗೆ ಬಂದ ಸಿಟ್ಟು ಅವಳ ಮೇಲಲ್ಲ. ದುಡಿದು ಉಣ್ಣುವ ಹೆಂಗಸಿಗೆ ಗುಳಿಗೆಯ ರಗಳೆಯಿಂದ ಬಿಡುಗಡೆ ಅಂತ ಯಾರಾದರೂ ಬರೆದು ತೋರಿಸಿದರೆ ಆಸೆ ಹುಟ್ಟದೆ ಇರುತ್ತದೆಯೇ? ಆ ಆಸೆಯನ್ನು ಹಿಡಿದು ಆಡುವವರಿಗೆ ಏನನ್ನಬೇಕು?

ನವನಗರಕ್ಕೆ ಹೋದೆ. ಜಿಮ್ ಸರ್ ಖುಷಿಯಲ್ಲಿದ್ದ. ಕಾಕಾರ, ಇಷ್ಟು ಮಂದಿ ಯಾವ ವಿಡಿಯೋನೂ ನೋಡಿರಲಿಲ್ಲ ಅಂದ. ಅಕ್ಕನ ಸುದ್ದಿ ಹೇಳಿದೆ. ಮುಖ ಸಪ್ಪಗಾಯಿತು, ಅದು ಸುಳ್ಳಲ್ಲ. ಆದರೆ ಬಾಯಿಂದ ಬಂದದ್ದು ಬೇರೆ.

"ಧ್ವನಿಯೊಳಗ ಐತಲ್ರಿ ಕಾಕಾರ. ನಾವೇನು ಮುಚ್ಚಿಟ್ಟಿಲ್ಲ. ಕೆಳಗೂ ಬರದೇನಿ."

ಮುಚ್ಚಿಟ್ಟಿಲ್ಲವಂತೆ. ಸುಳ್ಳನ್ನು ಎದೆಯ ಮೇಲೆ ಬರೆಯುವುದು, ಖರೆಯನ್ನು ಕಾಲ ಕೆಳಗೆ ಬರೆಯುವುದು, ಆಮೇಲೆ ಎರಡೂ ಇದೆಯಲ್ಲ ಅನ್ನುವುದು! ಸಕ್ಕರೆ ಕಾಯಿಲೆ ಮಾಯವಾಗುತ್ತದೆ ಅಂತ ನಿನಗೆ ಯಾರು ಹೇಳಿದರು ಅಂತ ಕೇಳಿದೆ. ಜಿಮ್ಮಿಗೆ ಬರುವ ಒಬ್ಬರಿಗೆ ತೂಕ ಇಳಿದು ಸಕ್ಕರೆ ಕಡಿಮೆಯಾಗಿತ್ತು ಅಂದ. ಅವರ ಗುಳಿಗೆ ನೀನೇ ಬಿಡಿಸಿದೆಯಾ ಅಂದೆ. ಇಲ್ಲ, ಡಾಕ್ಟರೇ ತಪಾಸಣೆ ಮಾಡುತ್ತ ಕಡಿಮೆ ಮಾಡಿದ್ದರು, ಪೂರ್ತಿ ಬಿಟ್ಟಿಲ್ಲ ಅಂದ. ಮತ್ತೆ ಇದನ್ನು ಯಾಕೆ ಬರೆಯಲಿಲ್ಲ ಅಂದರೆ, ಅಷ್ಟುದ್ದ ಯಾರು ಓದುತ್ತಾರೆ ಅಂದ. ನನ್ನ ಬಾಯಿಗೆ ಆಗ ಅಜ್ಜಿಯ ಗೆಳತಿಯರೆಲ್ಲ ಒಟ್ಟಿಗೆ ಬಂದರು. ಆ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಅವನದೇ ಬೈಕಿನ ಹಿಂದೆ ನಾನು ಕೂತು ಅವನನ್ನು ಇಳಕಲ್ಲಿಗೆ ಹೊರಡಿಸಿದೆ. ಶೆಡ್ಡಿನ ಬಾಗಿಲಲ್ಲಿ ಅವನ ಮೊಬೈಲನ್ನು ಪೂರ್ತಿ ಸದ್ದಿಗಿಟ್ಟು, ಆ ವಿಡಿಯೋ ಹಚ್ಚಿ, ಕೈಗೆ ಕೊಟ್ಟೆ. ಮಗ್ಗಗಳು ಹೊಡೆಯುತ್ತಿದ್ದವು. ಅವ ಮೊಬೈಲನ್ನು ಕಿವಿಗೆ ಒತ್ತಿಕೊಂಡ. ಮುಖದ ಮುಂದೆ ಹಿಡಿದ. ಮತ್ತೆ ಒತ್ತಿಕೊಂಡ. ಒಳಗಿನಿಂದ ಹೆಂಗಸರು ಅವನ ಗುರುತು ಹಿಡಿದು, ತೋಳು ಮಡಚಿ ತೋರಿಸಿ ನಕ್ಕರು. ಒಬ್ಬಾಕೆ ತನ್ನ ಹೊಟ್ಟೆ ಮುಟ್ಟಿ, ಒಂದು ಬೆರಳೆತ್ತಿ, ತಾನೂ ಒಂದೇ ಹೊತ್ತು ಉಣ್ಣುವುದು ಅಂತ ಸನ್ನೆ ಮಾಡಿದಳು. ಅದನ್ನು ನೋಡಿದ ಮೇಲೆ ಅವ ತಲೆ ಎತ್ತಲಿಲ್ಲ.

ಊಟದ ಹೊತ್ತಿಗೆ ಮಗ್ಗ ನಿಂತವು. ವಿಡಿಯೋ ಅಳಿಸಿಬಿಡುತ್ತೇನೆ ಅಂದ. ಅಕ್ಕ ಕಂಡಿಕಿ ಬುಟ್ಟಿ ಪಕ್ಕಕ್ಕೆ ಸರಿಸಿ ಎದ್ದಳು.

"ನಿನ್ನ ಕಡೆ ಅಳಸ್ತಿ. ನಮ್ಮ ಮೊಬೈಲಿನ್ಯಾಗ ಇರೂದು? ನಾ ನಮ್ಮ ನಾದಿನಿಗಿ ಕಳಿಸೇನಿ, ಆಕಿ ತವರಮನಿಗಿ ಕಳಿಸ್ಯಾಳ. ಎಲ್ಲೆಲ್ಲಿ ಅಳಸ್ತಿ ನೀ?"

ಅಳಿಸುವುದೂ ಬೇಕು, ಹೊಸದು ಹಾಕುವುದೂ ಬೇಕು ಅಂತ ಆಯಿತು. ಹಿಂದಿನದರಲ್ಲಿ ಬರೆದದ್ದು ತಪ್ಪು ಅಂತ ಮೊದಲ ಕ್ಷಣದಲ್ಲೇ, ಅದೇ ಹಳದಿ ಬಣ್ಣದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರಬೇಕು ಅಂದೆ. ತಪ್ಪು ಅನ್ನುವುದು ಬೇಡ, ಸ್ಪಷ್ಟನೆ ಅಂತ ಹಾಕೋಣ, ಜಿಮ್ಮಿಗೆ ಬರುವವರ ನಂಬಿಕೆ ಹೋಗುತ್ತದೆ ಅಂತ ಅವ ಅಂಗಲಾಚಿದ. ಅಕ್ಕ ಸಲಾಯಿನ್ ಸೂಜಿ ಚುಚ್ಚಿದ್ದ ಕೈಯನ್ನು ಅವನ ಮುಂದೆ ಹಿಡಿದಳು. ನೀಲಿಗಟ್ಟಿತ್ತು.

"ತಪ್ಪು ಅಂತ ಬರಿ."

ಬರೆದ. ಶೆಡ್ಡಿನ ಹೊರಗೆ ಬೇವಿನ ನೆರಳಲ್ಲಿ ನಿಂತು ಹೇಳಿದ. ಒಂದೇ ಹೊತ್ತು ಊಟ ಮಾಡಿದರೆ ಸಕ್ಕರೆ ಕಾಯಿಲೆ ಮಾಯವಾಗುವುದಿಲ್ಲ. ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟರೆ ಸಕ್ಕರೆ ಇಳಿದು ಜೀವಕ್ಕೆ ಕುತ್ತು ಬರಬಹುದು. ಗುಳಿಗೆ ಬಿಡುವುದು, ಕಡಿಮೆ ಮಾಡುವುದು ಡಾಕ್ಟರ ಕೆಲಸ, ಜಿಮ್ಮಿನವನದಲ್ಲ. ಒಂದೊಂದು ಮಾತೂ ಪರದೆಯ ನಡುವೆ, ಓದಿ ಮುಗಿಯುವವರೆಗೆ ನಿಲ್ಲುವ ಹಾಗೆ ಬಂತು. ಹಾಕುವ ಮೊದಲು ಸದ್ದಿಲ್ಲದೆ ಅಕ್ಕನ ಕೈಗೆ ಕೊಟ್ಟೆವು. ಅಕ್ಕ ತುಟಿ ಆಡಿಸುತ್ತ ಓದಿದಳು, ಮತ್ತೊಮ್ಮೆ ಓದಿ ಜೊತೆಗಾತಿಯರಿಗೆ ದಾಟಿಸಿದಳು. ಹೊಟ್ಟೆ ಮುಟ್ಟಿ ಸನ್ನೆ ಮಾಡಿದ್ದಾಕೆ ತನಗೂ ಗುಳಿಗೆ ಇದೆ ಅಂತ ಆಗ ಬಾಯಿಬಿಟ್ಟಳು. ಇವತ್ತೇ ಏನಾದರೂ ಉಣ್ಣು, ನಾಳೆ ಡಾಕ್ಟರನ್ನು ಕಾಣು ಅಂತ ಅಕ್ಕನೇ ಅವಳಿಗೆ ಗದರಿಸಿದಳು.

ನನ್ನ ಸಿಟ್ಟು ಇನ್ನೂ ಆರಿಲ್ಲ. ಹೊಸ ವಿಡಿಯೋ ನೋಡಿದವರ ಲೆಕ್ಕ ಹಳೆಯದರ ಮುಂದೆ ಏನೇನೂ ಅಲ್ಲ. ಯಾರೋ ಹಳೆಯದನ್ನು ಇಳಿಸಿಕೊಂಡು, ನನ್ನ ಧ್ವನಿ ತೆಗೆದು, ಬರೀ ಹಾಡು ಹಾಕಿ ಬಿಟ್ಟಿದ್ದಾರೆ. ಮೊನ್ನೆ ರಾಮಥಾಳದ ಕಡೆಯ ಬಸ್ಸಿನಲ್ಲಿ ಪಕ್ಕದ ಸೀಟಿನ ಮುದುಕರ ಕೈಯಲ್ಲಿ ಅದನ್ನೇ ಕಂಡೆ. ಕಂಡಕಂಡವರಿಗೆ ತಿಳಿಸಿ ಹೇಳುವುದು ಈಗ ನನ್ನ ಪಾಲಿಗೆ ಬಂದಿದೆ, ಅವರಿಗೂ ಹೇಳಿದೆ. ಅವರು ಹೂಂ ಅಂದರು. ಎಂಥ ಹೂಂ ಅಂತ ಗೊತ್ತಾಗಲಿಲ್ಲ.

ಶೆಡ್ಡಿನ ಹೊರಗೆ ಹೊಸ ವಿಡಿಯೋ ಮಾಡಿದ ಅವತ್ತು ಮಾತ್ರ ಅಕ್ಕ ಮೊಬೈಲು ಬದಿಗಿಟ್ಟು, ಕೈ ತೊಳೆದು, ನಾನು ಮನೆಯಿಂದ ಕಟ್ಟಿಸಿಕೊಂಡು ಒಯ್ದಿದ್ದ ಬುತ್ತಿ ಬಿಚ್ಚಿದಳು. ಪುಂಡಿಪಲ್ಲೆ ಹಚ್ಚಿ ರೊಟ್ಟಿ ಮುರಿದಳು. ಬಾಯಲ್ಲಿ ತುತ್ತು ಇಟ್ಟುಕೊಂಡೇ ಜಿಮ್ ಸರನ್ನು ಬೈಯತೊಡಗಿದಳು. ಅವ ಎದ್ದು ಹೋಗಲಿಲ್ಲ. ಅರ್ಧ ರೊಟ್ಟಿ ಅವನ ಕೈಗೂ ಹಾಕಿ, ಬೈಯುವುದನ್ನು ಮುಂದುವರಿಸಿದಳು.