ಸತ್ತ ಮೇಸ್ತ್ರಿಗೊಂದು ಒಳ್ಳೆಯ ಮಾತು

ನಮ್ಮ ಬೀದಿಯ ಬಡಗಿಗೆ ಗರಗಸ ಅಂತ ಅಡ್ಡಹೆಸರು. ಕಸುಬಿನಿಂದ ಬಂದ ಹೆಸರಲ್ಲ, ನಾಲಿಗೆಯಿಂದ ಬಂದದ್ದು. ಸಿಟ್ಟು ಬೇರೆಯವರಿಗೆ ಮೂಗಿನ ತುದಿಯಲ್ಲಿದ್ದರೆ, ಇವನಿಗೆ ಮೂಗಿಗಿಂತ ಒಂದು ಗೇಣು ಮುಂದೆಯೇ ನಡೆಯುತ್ತಿತ್ತು. ಬಾಗಿಲು ಬಿಗಿಯಾದರೆ ಬಾಗಿಲಿಗೆ ಬೈದ, ಮೊಳೆ ಬಾಗಿದರೆ ಮೊಳೆಯ ವಂಶಕ್ಕೇ ಬೈದ.

ಆದರೆ ಅವನ ಸಿಟ್ಟುಗಳಿಗೆಲ್ಲ ಚಕ್ರವರ್ತಿ ಒಂದೇ: ಸತ್ತುಹೋದ ಮೇಸ್ತ್ರಿಯ ಮೇಲಿನದು. ಇವನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಾಡಿದ ಮೊದಲ ಕುರ್ಚಿಯನ್ನು ಮೇಸ್ತ್ರಿ ಎಲ್ಲರೆದುರು ತಿರುವಿ ನೋಡಿ, ಕಾಲಿನ ಬಿರುಕು ಕಾಣದಂತೆ ಪುಟ್ಟಿ ಮೆತ್ತಿದ್ದು ಕಂಡು, ಸುತ್ತಿಗೆಯಿಂದ ಪುಡಿಪುಡಿ ಮಾಡಿದ್ದ. ಮೇಸ್ತ್ರಿ ಮಣ್ಣಾದರೂ ಕುರ್ಚಿ ಮಾತ್ರ ಇವನ ಎದೆಯೊಳಗೆ ಮುರಿಯುತ್ತಲೇ ಇತ್ತು.

ವಿಚಿತ್ರವೆಂದರೆ ಇವನ ಜೀವದ ಗೆಳೆಯ ಆ ಮೇಸ್ತ್ರಿಯ ಮಗನೇ. ಇವನು ದುಡಿಯುವ ಶೆಡ್ಡಿನಲ್ಲೇ ಸೋಫಾಗಳಿಗೆ ಬಟ್ಟೆ ಹೊದಿಸುವವನು. ಒಂದು ದಿನ ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದು ಬಂದು ನಿಂತ.

"ಭಾನುವಾರ ಮಗನಿಗೆ ಹೆಸರಿಡ್ತೀವಿ ಕಣೋ. ಅಪ್ಪನ ಹೆಸರೇ."

"ಪಾಪ, ಮಗು ಏನು ತಪ್ಪು ಮಾಡಿತ್ತು?"

ಗೆಳೆಯ ನಗಲಿಲ್ಲ. ಅವರ ಮನೆತನದಲ್ಲಿ ಒಂದು ಪದ್ಧತಿ. ಹಿರಿಯರ ಹೆಸರಿಟ್ಟರೆ, ಆ ಹಿರಿಯರಲ್ಲಿ ಕಣ್ಣಾರೆ ಕಂಡ ಒಂದು ಗುಣ ಹೇಳಿ, ಅದು ನಿನಗೂ ಬರಲಿ ಅಂತ ಮಗುವನ್ನು ಹೊಸ ಹೆಸರಿಂದ ಕರೆದು ಹರಸಬೇಕು. ಮೊದಲ ಹಾರೈಕೆ ನೆಂಟರದ್ದಲ್ಲ, ಮನೆಯವರ ಹೊಗಳಿಕೆಗೆ ಬೆಲೆಯೆಲ್ಲಿ? ಅದು ಸತ್ತವರನ್ನು ಹೊರಗಿನಿಂದ ಬಲ್ಲವರದ್ದೇ ಆಗಬೇಕು. ಸುಳ್ಳು ಹೇಳಬಾರದು. ಅವರ ಕಾಯಿಲೆ, ಸಾವು ಎತ್ತಬಾರದು. ಮನೆಯ ಹಿರಿಯಳು "ಹಾಗೇ ಆಗಲಿ" ಅಂದರೆ ಮಾತ್ರ ಹೆಸರು ಕೂತಂತೆ.

"ಅಪ್ಪನ ಕೈಕೆಳಗೆ ದುಡಿದವರಲ್ಲಿ ಊರಲ್ಲಿ ಉಳಿದಿರೋನು ನೀನೊಬ್ಬನೇ. ನೀನು ಹೇಳದಿದ್ರೆ ಅಮ್ಮ ಆ ಹೆಸರೇ ಇಡಲ್ಲ ಅಂತಾಳೆ."

ಗರಗಸ ಮನೆಗೆ ಬಂದು ಪಾತ್ರೆಗಳಿಗೆಲ್ಲ ಬೈದ.

"ನೂರು ವರ್ಷ ಬಾಳು ಕಂದ ಅಂದು ಕೈತೊಳ್ಕೊಳ್ಳಿ," ಅಂದಳು ಹೆಂಡತಿ.

"ಅದು ಯಾರಿಗಾದ್ರೂ ಅಂಟಿಸೋ ಮಾತು ಕಣೇ. ಅವರಿಗೆ ಗುಣ ಬೇಕಂತೆ, ಗುಣ. ಆ ಮುದುಕನಲ್ಲಿ ಎಲ್ಲಿಂದ ಹೆಕ್ಕಲಿ?"

"ಹುಡುಕಿ. ಬೈಯೋಕೆ ಅಷ್ಟು ವರ್ಷ ಹುಡುಕಿದ್ರಲ್ಲ."

ಭಾನುವಾರ ನಮ್ಮ ವೀರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬರಿಗೈಯಲ್ಲಿ ಯುದ್ಧಕ್ಕೆ ಹೊರಟ ಸೇನಾಪತಿಯಂತೆ ಹೋದ. ಚಿಕ್ಕ ಹಜಾರ, ಸಾಲು ಕುರ್ಚಿ, ನಡುವೆ ತೊಟ್ಟಿಲು. ಮೇಸ್ತ್ರಿಯ ಹೆಂಡತಿ ತೊಟ್ಟಿಲ ಪಕ್ಕ ಕೂತಿದ್ದಳು. ಎಲ್ಲರ ಕಣ್ಣೂ ಇವನ ಬಾಯ ಮೇಲೆ. ಇವನು ತೊಟ್ಟಿಲ ಕೀಲುಗಳನ್ನೇ ಪರೀಕ್ಷಿಸುತ್ತಾ ನಿಂತ. ಗೆಳೆಯನ ಮುಖ ಬಾಡುತ್ತಾ ಬಂತು.

ಆಗ ಎದ್ದು ನಿಂತವನು ಗೆಳೆಯನ ಭಾವಮೈದ. ಬ್ಯಾಂಕಿನವನು, ಮೇಸ್ತ್ರಿಯನ್ನು ಫೋಟೋದಲ್ಲಿ ಬಿಟ್ಟರೆ ಕಂಡವನಲ್ಲ. ಫೋನು ತೆಗೆದು ಓದಿದ: "ನಿನ್ನ ಅಜ್ಜನಂತೆಯೇ ಶಾಂತಮೂರ್ತಿಯಾಗು, ಮೃದುಭಾಷಿಯಾಗು..."

ಮುದುಕಿ ತಲೆ ತಗ್ಗಿಸಿದಳು. ಗರಗಸನ ಕಿವಿ ಕೆಂಪಾಯಿತು.

"ಯಾರಪ್ಪಾ ಮೃದುಭಾಷಿ? ಆ ಮನುಷ್ಯ ಗುಡ್ ಮಾರ್ನಿಂಗ್ ಅಂದ್ರೂ ಬೈದ ಹಾಗೆ ಇರ್ತಿತ್ತು. ನನ್ನ ಕುರ್ಚಿ ಒಡೆದ. ನನಗೆ ಮಾತ್ರ ಬೈದದ್ದಲ್ಲ. ಶೆಡ್ಡಿನ ಮಾಲೀಕ ಬಂದು, ಬಿರುಕು ಬಿಟ್ಟ ಮಂಚಕ್ಕೆ ಪುಟ್ಟಿ ಮೆತ್ತಿ ಬಣ್ಣ ಹೊಡಿ ಅಂದಾಗ, ಅದೇ ಗಂಟಲಲ್ಲಿ ಮಾಲೀಕನಿಗೂ ಬೈದ. ಕೆಲಸ ಹೋದ್ರೆ ಹೋಗ್ಲಿ ಅಂದ. ನಾವೆಲ್ಲ ನೆಲ ನೋಡ್ತಾ ನಿಂತಿದ್ವಿ. ಬಡವನಿಗೊಂದು ಸಾಹುಕಾರನಿಗೊಂದು ನಾಲಿಗೆ ಇಟ್ಕೊಂಡಿರಲಿಲ್ಲ ಆ ಮುದುಕ. ಅವನನ್ನ ಶಾಂತಮೂರ್ತಿ ಅಂತೀರಾ? ನಾಚಿಕೆ ಆಗ್ಬೇಕು."

ಬೈಯುತ್ತಲೇ ಗುಣವೊಂದನ್ನು ಹೇಳಿಬಿಟ್ಟೆ ಅನ್ನುವುದು ಅವನಿಗೇ ಆಗ ಹೊಳೆಯಿತು. ತೊಟ್ಟಿಲ ಕಡೆ ಬಾಗಿ, ಅದೇ ಸಿಟ್ಟಿನಲ್ಲಿ, ಮಗುವನ್ನು ಆ ಹಳೆಯ ಹೆಸರಿಂದ ಕರೆದ.

"ಕೇಳೋ. ಯಾರೇ ಹೇಳಲಿ, ಎಷ್ಟೇ ದೊಡ್ಡವನು ಹೇಳಲಿ, ಬಿರುಕು ಮುಚ್ಚಬೇಡ. ನಿನ್ನ ಅಜ್ಜ ಮುಚ್ಚಲಿಲ್ಲ. ಅದು ನಿನಗೂ ಬರಲಿ. ನಿನ್ನ ಹೆತ್ತವರು ಅದನ್ನ ನೋಡಿ ಸಂತೋಷಪಡಲಿ."

ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಾಗೇ ಆಗಲಿ."

"ಹಾಗೇ ಆಗಲಿ," ಅಂದರು ಎಲ್ಲರೂ. ಭಾವಮೈದನೂ ಅಂದ, ಫೋನನ್ನು ಜೇಬಿಗಿಳಿಸುತ್ತಾ.

ಗೆಳೆಯ ಬಂದು ತಬ್ಬಿಕೊಂಡ. "ಬಿಡೋ," ಅಂದ ಗರಗಸ. "ನಂಗೆ ನಿಮ್ಮಪ್ಪನ ಮೇಲೆ ಇನ್ನೂ ಸಿಟ್ಟಿದೆ."

"ಇರಲಿ ಬಿಡಪ್ಪ," ಅಂದಳು ಮುದುಕಿ. "ನಂಗೂ ಇದೆ. ಬಾ, ಊಟಕ್ಕೆ ಕೂತ್ಕೊ."