ಮಗ್ಗದ ಗುಂಡಿಯ ತಪ್ಪಲ್ಲ

“ಗರ್ಭಕೋಶದ ಪದರ ದಪ್ಪ ಆಗೈತಾ ಡಾಕ್ಟ್ರೇ?” ಸುಗುಣಕ್ಕ ಸ್ಕ್ಯಾನ್ ಮಂಚದ ಮೇಲಿಂದಲೇ ಕೇಳಿದಳು.

“ಆಗೈತಮ್ಮ! ನಾಲ್ಕಿತ್ತು, ಈಗ ಎಂಟು ಮಿಲಿಮೀಟರ್.”

ಜೊತೆಗೆ ಬಂದಿದ್ದ ನಾನು ಕುಣಿಯುವುದೊಂದು ಬಾಕಿ! ಸುಗುಣಕ್ಕ ಮೊಳಕಾಲ್ಮೂರಿನಲ್ಲಿ ನಮ್ಮ ಪಕ್ಕದ ಮನೆಯವಳು, ರೇಷ್ಮೆ ಸೀರೆ ನೇಯುವವಳು. ಮದುವೆಯಾಗಿ ಏಳು ವರ್ಷವಾದರೂ ಮಗುವಿಲ್ಲ, ಮುಟ್ಟೂ ಕಡಿಮೆಯಾಗುತ್ತಾ ಬಂದಿತ್ತು. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಗುಂಡಿಮಗ್ಗದ ತಂಪು ಹೊಟ್ಟೆಗೆ ಹತ್ತಿದೆ ಎಂದು ಅತ್ತೆ ಎರ್ರಮ್ಮ ಎರಡು ವರ್ಷ ಅವಳನ್ನು ಮಗ್ಗಕ್ಕೇ ಕೂರಿಸಿರಲಿಲ್ಲ.

ಚಳ್ಳಕೆರೆಯ ಈ ಡಾಕ್ಟರು ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದಾಗ ಟಿಬಿ ಎಂದೂ, ಅದರಿಂದಲೇ ಪದರ ತೆಳುವಾಗಿದೆ ಎಂದೂ ಗೊತ್ತಾಯಿತು. “ಕೆಮ್ಮೇ ಇಲ್ವಲ್ರಿ!” ಎಂದು ಎರ್ರಮ್ಮ ಜಗಳಕ್ಕೇ ನಿಂತಿದ್ದರು. ಎಂದೋ ಶ್ವಾಸಕೋಶಕ್ಕೆ ಹೊಕ್ಕ ರೋಗಾಣು ರಕ್ತದ ಜೊತೆ ಗರ್ಭನಾಳಕ್ಕೆ ಹೋಗಿ, ಸದ್ದಿಲ್ಲದೆ ಗರ್ಭಕೋಶಕ್ಕೂ ಹರಡುತ್ತದಂತೆ. ಆರು ತಿಂಗಳ ಮಾತ್ರೆ ಈಗಷ್ಟೇ ಮುಗಿದಿದೆ.

“ಬಲಗಡೆ ನಾಳ ಮುಚ್ಚಿಹೋಗೈತೆ, ಅದು ಮಾತ್ರೆಗೆ ತೆರೆಯಲ್ಲ. ಎಡಗಡೇದು ತೆರೆದೈತೆ, ಆಸೆ ಇಟ್ಕೋಬೋದು,” ಎಂದರು ಡಾಕ್ಟರು. “ಮೊಟ್ಟೆ ಬಿಡುಗಡೆ ಆಗೈತಾ ಅಂತ ಮುಂದಿನ ಸೋಮವಾರ ನೋಡಾಣ.”

“ಹಂಗಾದ್ರೆ ಮಗ್ಗಕ್ಕೆ ಕೂರ್ಲಾ ಅತ್ತೆ?”

ಮಂಚದ ಪಕ್ಕ ನಿಂತಿದ್ದ ಎರ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಾಳೆಯಿಂದ್ಲೇ ಕೂರು ತಾಯಿ. ಸೋಮವಾರ ಮಾತ್ರ ಬ್ಯಾಡ, ಬೆಳಿಗ್ಗೆ ಬಸ್ಸಿಗೇ ಇಲ್ಲಿಗೆ ಬರಾಣ.”